ರಜೆಯ ದಿನ ಗಣಕಯಂತ್ರವು ಏನು ಮಾಡಬೇಕು?
ನಿಗದಿತ ಕಾರ್ಯಗಳು, ರಜಾ ಪಟ್ಟಿ ಮತ್ತು ಕೆಲಸದ ದಿನದ ನಿಯಮಗಳು

ನಮ್ಮ ಸಣ್ಣ ಕಾರ್ಖಾನೆಗಳಲ್ಲಿ ಹಾಗೂ ಸಗಟು ಮಳಿಗೆಗಳಲ್ಲಿ ಹಿಂದೆ ಗುಮಾಸ್ತರು ಮಾಡುತ್ತಿದ್ದ ಅನೇಕ ಕೆಲಸಗಳನ್ನು ಈಗ ಗಣಕಯಂತ್ರವು ಹೊತ್ತಿಗೆ ಸರಿಯಾಗಿ ತಾನೇ ಮಾಡುತ್ತದೆ. ಬೆಳಿಗ್ಗೆ ಸರಬರಾಜುದಾರರಿಗೆ ಇಂಡೆಂಟ್ ಹೋಗುತ್ತದೆ, ತಿಂಗಳ ಕೊನೆಯಲ್ಲಿ ಪಾವತಿಯ ಕಡತ ಸಿದ್ಧವಾಗುತ್ತದೆ, ರಾತ್ರಿ ಲೆಕ್ಕದ ನಕಲು ತೆಗೆಯಲ್ಪಡುತ್ತದೆ. ಗುಮಾಸ್ತರಿಗೂ ಯಂತ್ರಕ್ಕೂ ಇರುವ ಒಂದು ವ್ಯತ್ಯಾಸವು ಹಬ್ಬದ ದಿನಗಳಲ್ಲಿ ಎದ್ದು ಕಾಣುತ್ತದೆ. ನಾಳೆ ಬಲಿಪಾಡ್ಯಮಿ ಎಂಬುದು ಗುಮಾಸ್ತರಿಗೆ ಯಾರೂ ಹೇಳದೆ ತಿಳಿದಿರುತ್ತದೆ. ಯಂತ್ರಕ್ಕೆ ತಿಳಿದಿರುವುದು ತಾರೀಖು ಮತ್ತು ವಾರ ಮಾತ್ರ.

ಈ ಕೊರತೆಯನ್ನು ನೀಗಲು ತಂತ್ರಾಂಶಕ್ಕೆ ರಜಾ ಪಟ್ಟಿಯೊಂದನ್ನು ಕೊಟ್ಟು, "ರಜೆಯಿದ್ದರೆ ಕೆಲಸ ಬಿಡು" ಎಂದು ಹೇಳುವುದು ವಾಡಿಕೆ. ಇದು ಅರ್ಧ ಪರಿಹಾರ. ರಜೆ ಯಾರದು, ಬಿಟ್ಟ ಕೆಲಸವನ್ನು ಯಾವಾಗ ಮಾಡಬೇಕು, ಯಾವ ಕೆಲಸವನ್ನು ಬಿಡಲೇಬಾರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡದಿದ್ದರೆ, ಪಟ್ಟಿ ಸರಿಯಿದ್ದರೂ ನಷ್ಟ ತಪ್ಪುವುದಿಲ್ಲ. ಈ ಲೇಖನದಲ್ಲಿ 2024ರ ದೀಪಾವಳಿಯ ವಾರವನ್ನೇ ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸಲಾಗಿದೆ.

ಒಂದು ಊರು, ಹಲವು ರಜೆಗಳು

'ರಜೆ' ಎಂಬ ಒಂದೇ ಪದದ ಅಡಿಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ಪಟ್ಟಿಗಳಿವೆ.

ಮೊದಲನೆಯದು ರಾಜ್ಯ ಸರಕಾರವು ತನ್ನ ಕಚೇರಿಗಳಿಗೆ ಪ್ರತಿ ವರ್ಷ ಪ್ರಕಟಿಸುವ ಸಾರ್ವತ್ರಿಕ ರಜೆಗಳ ಪಟ್ಟಿ. ಎರಡನೆಯದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 25ನೆಯ ಕಲಮಿನ ಅಡಿಯಲ್ಲಿ ಅಧಿಸೂಚಿಸಲಾಗುವ ರಜೆಗಳು. ಬ್ಯಾಂಕುಗಳು ಅನುಸರಿಸುವುದು ಇದನ್ನು. ರಿಸರ್ವ್ ಬ್ಯಾಂಕು ಈ ರಜೆಗಳನ್ನು ಕೇಂದ್ರವಾರು ಪ್ರಕಟಿಸುತ್ತದೆ. ಇದಲ್ಲದೆ 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳೂ ಬ್ಯಾಂಕುಗಳಿಗೆ ರಜೆ. ಮೂರನೆಯದು ಕಾರ್ಖಾನೆಯದೇ ಪಟ್ಟಿ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ) ಅಧಿನಿಯಮದಂತೆ ರಾಷ್ಟ್ರೀಯ ರಜೆಗಳ ಜೊತೆಗೆ ಹಬ್ಬದ ರಜೆಗಳನ್ನು ಕೊಡಬೇಕಾಗಿದ್ದು, ಯಾವ ಹಬ್ಬಗಳಿಗೆ ರಜೆ ಎಂಬುದು ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗಬಹುದು.

ಈ ಮೂರೂ ಒಂದೇ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಸರಕಾರಿ ಕಚೇರಿಗೆ ರಜೆ ಘೋಷಣೆಯಾದ ಮಾತ್ರಕ್ಕೆ ಬ್ಯಾಂಕು ಮುಚ್ಚಬೇಕೆಂದಿಲ್ಲ. ಗಣ್ಯರ ನಿಧನದಂತಹ ಸಂದರ್ಭದಲ್ಲಿ ದಿಢೀರನೆ ಬರುವ ಘೋಷಣೆಯನ್ನು ಓದುವಾಗ, ಅದು 25ನೆಯ ಕಲಮನ್ನು ಹೆಸರಿಸಿದೆಯೇ ಎಂಬುದನ್ನು ಮೊದಲು ನೋಡಬೇಕು.

ಪ್ರಾದೇಶಿಕ ಹಬ್ಬಗಳಲ್ಲಿ ಈ ಭೇದವು ಇನ್ನೂ ಸ್ಪಷ್ಟ. ಕೊಡಗಿನಲ್ಲಿ ಕೈಲ್ ಮುಹೂರ್ತ, ತುಲಾ ಸಂಕ್ರಮಣ ಮತ್ತು ಹುತ್ತರಿಗೆ ಆ ಜಿಲ್ಲೆಗೆ ಸೀಮಿತವಾದ ಸ್ಥಳೀಯ ರಜೆಯಿರುತ್ತದೆ. ಆ ದಿನ ಮೈಸೂರಿನಿಂದ ಮಡಿಕೇರಿಗೆ ಕಳುಹಿಸಿದ ಲಾರಿಯ ಸರಕನ್ನು ಇಳಿಸಿಕೊಳ್ಳುವವರು ಇರಲಾರರು, ಆದರೆ ಮೈಸೂರಿನ ಪಟ್ಟಿಯಲ್ಲಿ ಆ ರಜೆ ಕಾಣುವುದಿಲ್ಲ. ಹುಬ್ಬಳ್ಳಿಯಲ್ಲಿ ಹೋಳಿ ಹುಣ್ಣಿಮೆಯ ಐದನೆಯ ದಿನ ರಂಗಪಂಚಮಿ. ಅಂದು ಯಾವ ಪಟ್ಟಿ ಏನೇ ಹೇಳಲಿ, ಪೇಟೆಯಲ್ಲಿ ವ್ಯಾಪಾರ ನಡೆಯುವುದು ಕಷ್ಟ. ಇಂತಹ ದಿನಗಳನ್ನು ಮಾಲೀಕರೇ ತಮ್ಮ ಪಟ್ಟಿಗೆ ಸೇರಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಭಾನುವಾರ ಬೀಳುವ ಹಬ್ಬಗಳನ್ನು ಸರಕಾರದ ಪಟ್ಟಿಯಲ್ಲಿ ರಜೆಯೆಂದು ಪ್ರತ್ಯೇಕವಾಗಿ ನಮೂದಿಸುವುದಿಲ್ಲ. ಕಚೇರಿ ಹೇಗೂ ಮುಚ್ಚಿರುತ್ತದೆ. ಆದರೆ ವಾರದ ರಜೆಯನ್ನು ಬೇರೆ ದಿನ ಇಟ್ಟುಕೊಂಡು ಭಾನುವಾರ ನಡೆಯುವ ಕಾರ್ಖಾನೆಯು ಆ ಪಟ್ಟಿಯನ್ನು ಹಾಗೆಯೇ ನಕಲು ಮಾಡಿಕೊಂಡರೆ, ಹಬ್ಬದ ದಿನವೇ ಅದರ ಯಂತ್ರವು ಕೆಲಸದ ದಿನವೆಂದು ಎಣಿಸುತ್ತದೆ.

ದಿನ ಸರಿಸುವ ನಾಲ್ಕು ನಿಯಮಗಳು

ನಿಗದಿತ ದಿನವು ರಜೆಯಾಗಿದ್ದಾಗ ನಾಲ್ಕು ದಾರಿಗಳಿವೆ.

1. ಆ ಸಲದ ಕಾರ್ಯವನ್ನು ಪೂರ್ತಿಯಾಗಿ ಬಿಡುವುದು.
2. ಮುಂದಿನ ಕೆಲಸದ ದಿನಕ್ಕೆ ಸರಿಸುವುದು.
3. ಹಿಂದಿನ ಕೆಲಸದ ದಿನಕ್ಕೆ ತರುವುದು.
4. ಮುಂದಿನ ಕೆಲಸದ ದಿನಕ್ಕೆ ಸರಿಸುವುದು, ಆದರೆ ಅದು ಮುಂದಿನ ತಿಂಗಳಿಗೆ ಹೋಗುವುದಾದರೆ ಹಿಂದಿನ ಕೆಲಸದ ದಿನಕ್ಕೆ ತರುವುದು. ತಿಂಗಳ ಲೆಕ್ಕವು ಆ ತಿಂಗಳಲ್ಲೇ ಮುಗಿಯಬೇಕಾದ ಕಡೆ ಇದು ರೂಢಿ.

ಇವುಗಳಲ್ಲಿ ಯಾವುದು ಸರಿ ಎಂಬುದು ಎಲ್ಲ ಸಂದರ್ಭಗಳಲ್ಲಿ ನಮ್ಮ ಇಷ್ಟವಲ್ಲ. ಕೆಲವೆಡೆ ಕಾನೂನು ಅಥವಾ ಒಪ್ಪಂದವೇ ಅದನ್ನು ತೀರ್ಮಾನಿಸಿರುತ್ತದೆ, ಅದೂ ಒಂದೊಂದು ಕಡೆ ಒಂದೊಂದು ರೀತಿ.

ಹುಂಡಿ ಅಥವಾ ಬಿಲ್ಲಿನ ವಾಯಿದೆಯು ಸಾರ್ವಜನಿಕ ರಜೆಯಂದು ಮುಗಿದರೆ, ಮೇಲೆ ಹೇಳಿದ 25ನೆಯ ಕಲಮಿನಂತೆ ಅದು ಹಿಂದಿನ ಕೆಲಸದ ದಿನವೇ ಸಲ್ಲತಕ್ಕದ್ದು. ಇದಕ್ಕೆ ವ್ಯತಿರಿಕ್ತವಾಗಿ 1897ರ ಜನರಲ್ ಕ್ಲಾಜಸ್ ಕಾಯಿದೆಯ 10ನೆಯ ಕಲಮಿನಂತೆ, ಕಾಯಿದೆಯೊಂದರ ಪ್ರಕಾರ ನ್ಯಾಯಾಲಯದಲ್ಲಿ ಅಥವಾ ಕಚೇರಿಯಲ್ಲಿ ನಿಗದಿತ ದಿನ ಮಾಡಬೇಕಾದ ಕೆಲಸವನ್ನು, ಆ ದಿನ ಕಚೇರಿ ಮುಚ್ಚಿದ್ದರೆ, ಅದು ತೆರೆಯುವ ಮುಂದಿನ ದಿನ ಮಾಡಿದರೂ ಸಕಾಲವೆನಿಸುತ್ತದೆ. "ರಜೆ ಬಂದರೆ ಮರುದಿನ ಕೊಟ್ಟರಾಯಿತು" ಎಂಬ ನಮ್ಮ ಸಾಮಾನ್ಯ ಭಾವನೆಗೆ ಕಚೇರಿಯ ಈ ಅನುಭವವೇ ಮೂಲವಿರಬಹುದು. ಅದನ್ನು ಹುಂಡಿಗೆ ಅನ್ವಯಿಸಿದರೆ ವಾಯಿದೆ ತಪ್ಪುತ್ತದೆ.

ರಫ್ತುದಾರರಿಗೆ ಒಂದೇ ಕಾಗದದಲ್ಲಿ ಎರಡು ನಿಯಮಗಳು ಎದುರಾಗುತ್ತವೆ. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600ರ 29ನೆಯ ವಿಧಿಯ ಪ್ರಕಾರ, ಲೆಟರ್ ಆಫ್ ಕ್ರೆಡಿಟ್‌ನ ಅವಧಿಯ ಕೊನೆಯ ದಿನ ದಾಖಲೆ ಸಲ್ಲಿಸಬೇಕಾದ ಬ್ಯಾಂಕು ರಜೆಯಿಂದ ಮುಚ್ಚಿದ್ದರೆ, ಆ ದಿನವು ಮುಂದಿನ ಬ್ಯಾಂಕ್ ದಿನಕ್ಕೆ ವಿಸ್ತರಿಸುತ್ತದೆ. ಆದರೆ ಸರಕನ್ನು ಸಾಗಿಸಬೇಕಾದ ಕೊನೆಯ ದಿನವು ಈ ಕಾರಣದಿಂದ ವಿಸ್ತರಿಸುವುದಿಲ್ಲ ಎಂದು ಅದೇ ವಿಧಿಯು ಹೇಳುತ್ತದೆ. ಬ್ಯಾಂಕು ಮುಷ್ಕರದಿಂದ ಮುಚ್ಚಿದ್ದರಂತೂ ದಾಖಲೆ ಸಲ್ಲಿಕೆಗೂ ಈ ವಿಸ್ತರಣೆ ದೊರೆಯದು. ಆದ್ದರಿಂದ ಜ್ಞಾಪನೆ ಕಳುಹಿಸುವ ತಂತ್ರಾಂಶದಲ್ಲಿ ಈ ಎರಡು ದಿನಗಳನ್ನು ಒಂದೇ ನಿಯಮದ ಕೆಳಗೆ ಇಡಬಾರದು.

ದೀಪಾವಳಿಯ ನಾಲ್ಕು ದಿನ

ಈಗ ಉದಾಹರಣೆಗೆ ಬರೋಣ. ಹುಬ್ಬಳ್ಳಿಯಲ್ಲಿ ನೀರೆತ್ತುವ ಪಂಪುಗಳನ್ನು ತಯಾರಿಸುವ ಕಾರ್ಖಾನೆಯೊಂದಿದೆ ಎಂದು ಭಾವಿಸಿ. ಎರಕದ ಭಾಗಗಳು ಕೊಲ್ಲಾಪುರದ ಸಣ್ಣ ಫೌಂಡ್ರಿಯಿಂದ, ಮೋಟಾರಿನ ಭಾಗಗಳು ಕೊಯಮತ್ತೂರಿನಿಂದ ಬರುತ್ತವೆ. ಅಲ್ಲಿನ ಗಣಕಯಂತ್ರಕ್ಕೆ ಸಂಬಂಧಿಸಿದ ನಿಗದಿತ ಕಾರ್ಯಗಳು ನಾಲ್ಕು: ಪ್ರತಿ ಬೆಳಿಗ್ಗೆ 6 ಗಂಟೆಗೆ ಹಿಂದಿನ ದಿನದ ಬಳಕೆಯಷ್ಟು ಇಂಡೆಂಟ್, ತಿಂಗಳ ಕೊನೆಯ ದಿನ ಸರಬರಾಜುದಾರರ ಪಾವತಿ, 1ನೆಯ ತಾರೀಖು ಯಂತ್ರದ ಸಾಲದ ಕಂತು ಕಡಿತ, ಪ್ರತಿ ರಾತ್ರಿ ಲೆಕ್ಕದ ನಕಲು.

2024ರಲ್ಲಿ ಅಕ್ಟೋಬರ್ 31, ಗುರುವಾರ ನರಕ ಚತುರ್ದಶಿ, ನವೆಂಬರ್ 1, ಶುಕ್ರವಾರ ಕನ್ನಡ ರಾಜ್ಯೋತ್ಸವ, 2, ಶನಿವಾರ ಬಲಿಪಾಡ್ಯಮಿ, 3 ಭಾನುವಾರ. ಹೀಗೆ ಕರ್ನಾಟಕದಲ್ಲಿ ಬ್ಯಾಂಕುಗಳು ಸತತ ನಾಲ್ಕು ದಿನ ಮುಚ್ಚಿದ್ದವು. ಮಹಾರಾಷ್ಟ್ರದಲ್ಲಿ ಗುರುವಾರ ಬ್ಯಾಂಕು ತೆರೆದಿದ್ದು, ಶುಕ್ರವಾರ ಮತ್ತು ಶನಿವಾರ ರಜೆಯಿತ್ತು. ತಮಿಳುನಾಡಿನಲ್ಲಿ ಗುರುವಾರವೇ ದೀಪಾವಳಿ. ಒಂದೇ ಹಬ್ಬವು ಮೂರು ಊರುಗಳಲ್ಲಿ ಮೂರು ರೀತಿಯ ರಜೆಯಾಯಿತು.

*ಇಂಡೆಂಟ್.* ತಂತ್ರಾಂಶಕ್ಕೆ "ರಜೆಯಿದ್ದರೆ ಬಿಡು" ಎಂದು ಹೇಳಲಾಗಿತ್ತೆನ್ನೋಣ. ಬುಧವಾರ, ಅಂದರೆ 30ರಂದು, ಹಬ್ಬಕ್ಕೆ ಮುನ್ನ ಕೆಲಸ ಮುಗಿಸುವ ಅವಸರದಲ್ಲಿ 120 ಎರಕದ ಭಾಗಗಳು ಬಳಕೆಯಾದವು. ಅದರ ಇಂಡೆಂಟ್ ಗುರುವಾರ ಬೆಳಿಗ್ಗೆ ಹೋಗಬೇಕು, ರಜೆಯಾದ್ದರಿಂದ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ತಂತ್ರಾಂಶವು 'ನಿನ್ನೆಯ' ಬಳಕೆಯನ್ನು ನೋಡಿತು. ನಿನ್ನೆ ಭಾನುವಾರ, ಬಳಕೆ ಸೊನ್ನೆ. ಹೀಗೆ ಬುಧವಾರದ 120 ಭಾಗಗಳು ಯಾವ ಇಂಡೆಂಟಿನಲ್ಲೂ ಬರಲೇ ಇಲ್ಲ. ಯಂತ್ರವು ದೋಷವನ್ನೂ ತೋರಿಸಲಿಲ್ಲ, ಏಕೆಂದರೆ ಅದು ಹೇಳಿದ್ದನ್ನೇ ಮಾಡಿತು. ಕೊರತೆ ಗೊತ್ತಾಗುವುದು ಉಗ್ರಾಣದಲ್ಲಿ ದಾಸ್ತಾನು ಬರಿದಾದಾಗ.

ಇಲ್ಲಿ ರಜಾ ಪಟ್ಟಿಯಲ್ಲಿ ತಪ್ಪಿಲ್ಲ. ತಪ್ಪಿರುವುದು 'ನಿನ್ನೆ' ಎಂಬ ಪದದಲ್ಲಿ. ಕಾರ್ಯವು ಲೆಕ್ಕ ಹಾಕಬೇಕಾದುದು "ಹಿಂದಿನ ಸಲ ಯಶಸ್ವಿಯಾಗಿ ನಡೆದ ಕ್ಷಣದಿಂದ ಇಂದಿನವರೆಗೆ" ಎಂದು. ಹಾಗೆ ಬರೆಸಿದರೆ ಒಂದು ದಿನ ಬಿಟ್ಟರೂ ನಾಲ್ಕು ದಿನ ಬಿಟ್ಟರೂ ಲೆಕ್ಕ ಕೂಡಿಬರುತ್ತದೆ. ತಮ್ಮ ತಂತ್ರಾಂಶ ಹೇಗಿದೆ ಎಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ: ಯಾವುದಾದರೂ ದೀರ್ಘ ರಜೆಯ ನಂತರದ ಮೊದಲ ಇಂಡೆಂಟನ್ನು ತೆಗೆದು, ರಜೆಗೆ ಮುನ್ನಿನ ದಿನದ ಬಳಕೆಯ ಜೊತೆ ಹೋಲಿಸಿ. ಮೊದಲನೆಯದು ಸೊನ್ನೆಯಿದ್ದು ಎರಡನೆಯದು ದೊಡ್ಡದಿದ್ದರೆ ಈ ದೋಷವಿದೆ.

*ಪಾವತಿ.* ತಿಂಗಳ ಕೊನೆಯ ದಿನ 31, ಗುರುವಾರ. ಎರಡನೆಯ ನಿಯಮದಂತೆ ಮುಂದಕ್ಕೆ ಸರಿಸಿದರೆ ನವೆಂಬರ್ 4, ಸೋಮವಾರ; ಅಕ್ಟೋಬರ್ ಲೆಕ್ಕದ ಪಾವತಿ ನವೆಂಬರಿಗೆ ಹೋಯಿತು. ನಾಲ್ಕನೆಯ ನಿಯಮದಂತೆ ತಿಂಗಳು ದಾಟುವಂತಿಲ್ಲವಾದ್ದರಿಂದ 30, ಬುಧವಾರವೇ ಪಾವತಿ. ಇಲ್ಲಿಯವರೆಗೆ ನಾಲ್ಕನೆಯ ನಿಯಮವೇ ಸಾಕೆನಿಸುತ್ತದೆ.

ಆದರೆ ಕೊಲ್ಲಾಪುರದ ಫೌಂಡ್ರಿಯ ಒಂದು ಸರಕನ್ನು ಸೆಪ್ಟೆಂಬರ್ 17ರಂದು ಸ್ವೀಕರಿಸಲಾಗಿತ್ತು, ಬರವಣಿಗೆಯ ಕರಾರಿನಂತೆ 45 ದಿನಗಳ ವಾಯಿದೆ ಎಂದುಕೊಳ್ಳೋಣ. 45ನೆಯ ದಿನ ನವೆಂಬರ್ 1, ಶುಕ್ರವಾರ. ನಾಲ್ಕನೆಯ ನಿಯಮವು ಇದನ್ನು ನವೆಂಬರ್ 4ಕ್ಕೆ ಸರಿಸುತ್ತದೆ, ಏಕೆಂದರೆ ತಿಂಗಳು ದಾಟುವುದಿಲ್ಲ. ಅದು 48ನೆಯ ದಿನ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯ 15ನೆಯ ಕಲಮು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ಹಣಕ್ಕೆ 45 ದಿನಗಳ ಮೇರೆಯನ್ನು ಹಾಕಿದೆ. ಮೀರಿದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಆದ್ದರಿಂದ ಇಂತಹ ಪಾವತಿಗಳಿಗೆ ಯಾವಾಗಲೂ ಮೂರನೆಯ ನಿಯಮ, ಅಂದರೆ ಹಿಂದಿನ ಕೆಲಸದ ದಿನವೇ ಕ್ಷೇಮ. ಉತ್ತರ: ಅಕ್ಟೋಬರ್ 30. ಎರಡು ಪಾವತಿಗಳೂ ಒಂದೇ ದಿನಕ್ಕೆ ಬಂದವು, ಆದರೆ ಬೇರೆ ಬೇರೆ ನಿಯಮಗಳಿಂದ ಬಂದವು ಎಂಬುದು ಗಮನಾರ್ಹ.

*ಸಾಲದ ಕಂತು.* ಈ ವಿಷಯದಲ್ಲಿ ಹಳೆಯ ಅನುಭವವೇ ದಾರಿ ತಪ್ಪಿಸುತ್ತದೆ. ಹಿಂದೆ ಕಂತಿನ ದಿನ ಬ್ಯಾಂಕಿಗೆ ರಜೆಯಿದ್ದರೆ ಕಡಿತವು ಮುಂದಿನ ಕೆಲಸದ ದಿನ ಆಗುತ್ತಿತ್ತು. ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್.ಟಿ.ಜಿ.ಎಸ್. 2020ರ ಡಿಸೆಂಬರ್ 14ರಿಂದ ಹಗಲಿರುಳೂ ನಡೆಯುತ್ತಿವೆ. ಕಂತುಗಳನ್ನು ಕಡಿತ ಮಾಡುವ ನ್ಯಾಚ್ ವ್ಯವಸ್ಥೆಯು 2021ರ ಆಗಸ್ಟ್ 1ರಿಂದ ವಾರದ ಎಲ್ಲ ದಿನಗಳಲ್ಲೂ ಲಭ್ಯವಿದೆ. ಹೀಗಾಗಿ ನವೆಂಬರ್ 1ರ ರಾಜ್ಯೋತ್ಸವದಂದೇ ಕಂತು ಕಡಿತಕ್ಕೆ ಬರಬಹುದು. ಗಿರಾಕಿಯ ಚೆಕ್ಕು ಗುರುವಾರ ಕೈಸೇರಿದರೆ ಅದನ್ನು ಶಾಖೆಯಲ್ಲಿ ಕಟ್ಟುವುದೇ ಸೋಮವಾರ. ಹಣ ಹೊರಹೋಗುವುದಕ್ಕೆ ರಜೆಯಿಲ್ಲ, ಚೆಕ್ಕಿನ ಮೂಲಕ ಒಳಬರುವುದಕ್ಕೆ ರಜೆಯಿದೆ. ಖಾತೆಯಲ್ಲಿ ಹಣ ಸಾಲದೆ ಕಡಿತವು ವಾಪಸಾದರೆ ದಂಡ ಶುಲ್ಕದ ಜೊತೆಗೆ, 2007ರ ಪಾವತಿ ಮತ್ತು ತೀರುವಳಿ ವ್ಯವಸ್ಥೆಗಳ ಕಾಯಿದೆಯ 25ನೆಯ ಕಲಮಿನಂತೆ, ಚೆಕ್ಕು ವಾಪಸಾದಾಗಿನಂತೆಯೇ ಮೊಕದ್ದಮೆಗೆ ಎಡೆಯಾಗಬಹುದು. ಆದ್ದರಿಂದ ಕಂತಿನ ದಿನವನ್ನು ಸರಿಸದೆ, "ಖಾತೆಯ ಶಿಲ್ಕು ನೋಡು" ಎಂಬ ಜ್ಞಾಪನೆಯನ್ನು ಕಂತಿಗೆ ಎರಡು *ಬ್ಯಾಂಕ್ ಕೆಲಸದ ದಿನ* ಮುಂಚೆ ಇಡಬೇಕು. ಈ ಉದಾಹರಣೆಯಲ್ಲಿ ಅದು ಅಕ್ಟೋಬರ್ 29, ಮಂಗಳವಾರ.

ವಿದ್ಯುನ್ಮಾನ ಪಾವತಿಯು ರಜೆಯಲ್ಲೂ ನಡೆಯುವುದಾದರೆ ಪಾವತಿಯ ಕಡತವನ್ನು ಹಿಂದಕ್ಕೆ ತರುವುದೇಕೆ ಎಂದು ಕೇಳಬಹುದು. ಕಡತವನ್ನು ಒಬ್ಬರು ಸಿದ್ಧಪಡಿಸಿ ಮತ್ತೊಬ್ಬರು ಮಂಜೂರು ಮಾಡುವ ಪದ್ಧತಿಯಿರುವಲ್ಲಿ, ಆ ಎರಡನೆಯವರು ಹಬ್ಬಕ್ಕೆ ಊರಿಗೆ ಹೋಗಿದ್ದರೆ ಕಡತ ಹಾಗೆಯೇ ಕುಳಿತಿರುತ್ತದೆ. ಇಂದು ಪಾವತಿಯನ್ನು ತಡೆಯುವುದು ಬಹುಪಾಲು ಬ್ಯಾಂಕಿನ ರಜೆಯಲ್ಲ, ಮಂಜೂರು ಮಾಡುವವರ ರಜೆ. ಆದ್ದರಿಂದ ಈ ಕಾರ್ಯಕ್ಕೆ ಬೇಕಾದುದು ಕಾರ್ಖಾನೆಯ ಕಚೇರಿಯ ಪಟ್ಟಿ.

*ರಾತ್ರಿಯ ನಕಲು.* ಇದಕ್ಕೆ ಯಾವ ರಜೆಯೂ ಇಲ್ಲ. ಇದನ್ನು ರಜಾ ಪಟ್ಟಿಗೆ ಜೋಡಿಸಲೇಬಾರದು.

ಪರಸ್ಥಳದ ಹಬ್ಬ

ಇಂಡೆಂಟ್ ತಲುಪಿದ ಮೇಲೆ ಸರಕು ಬರುವ ದಿನವನ್ನು ಎಣಿಸುವಾಗ ಸರಬರಾಜುದಾರರ ಊರಿನ ಪಟ್ಟಿ ಬೇಕು. 2025ರ ಜನವರಿ 14, ಮಂಗಳವಾರ ಹುಬ್ಬಳ್ಳಿಯಲ್ಲಿ ಮಕರ ಸಂಕ್ರಾಂತಿ, ಕೊಯಮತ್ತೂರಿನಲ್ಲಿ ಪೊಂಗಲ್. ನಮ್ಮಲ್ಲಿ 15ರಂದು ಕೆಲಸ ಆರಂಭ. ತಮಿಳುನಾಡಿನಲ್ಲಿ 15 ತಿರುವಳ್ಳುವರ್ ದಿನ, 16 ಉಳವರ್ ತಿರುನಾಳ್, ಎರಡೂ ರಜೆ. 13ರಂದು ಕಳುಹಿಸಿದ ಇಂಡೆಂಟಿಗೆ "ಮೂರು ಕೆಲಸದ ದಿನಗಳಲ್ಲಿ ಸರಕು ಹೊರಡುತ್ತದೆ" ಎಂಬ ಮಾತಿದ್ದರೆ, ಕರ್ನಾಟಕದ ಪಟ್ಟಿಯಂತೆ ಎಣಿಕೆ 15, 16, 17. ಅಂದರೆ 17ಕ್ಕೆ ಮುಗಿಯಿತು. ತಮಿಳುನಾಡಿನ ಪಟ್ಟಿಯಂತೆ 17ರ ಶುಕ್ರವಾರಕ್ಕೆ ಮುಂಚೆ ಎಣಿಕೆಯೇ ಆರಂಭವಾಗುವುದಿಲ್ಲ. ಇದರ ಮೇಲೆ ಊರಿಗೆ ಹೋದ ಕಾರ್ಮಿಕರು ಮರಳುವ ದಿನಗಳನ್ನೂ ಸೇರಿಸಬೇಕಾಗಬಹುದು. ಅದನ್ನು ಯಾವ ಅಧಿಸೂಚನೆಯೂ ಹೇಳುವುದಿಲ್ಲ; ಸರಬರಾಜುದಾರರನ್ನೇ ಡಿಸೆಂಬರಿನಲ್ಲಿ ದೂರವಾಣಿಯಲ್ಲಿ ಕೇಳಿ ಬರೆದುಕೊಳ್ಳಬೇಕು.

ಎರಡೂ ಕಡೆಯವರು ಹಾಜರಿರಬೇಕಾದ ಕೆಲಸವಾದರೆ, ಉದಾಹರಣೆಗೆ ಸರಕಿನ ಜಂಟಿ ತಪಾಸಣೆ, ಎರಡು ಊರುಗಳ ರಜೆಗಳನ್ನೂ ಕೂಡಿಸಿ ಒಂದೇ ಪಟ್ಟಿಯಾಗಿ ನೋಡಬೇಕು.

ಪಟ್ಟಿಯನ್ನು ಇಡುವ ಬಗೆ

ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ, ಸ್ಪ್ರೆಡ್‌ಶೀಟ್ ಸಾಕು. ಪ್ರತಿ ರಜೆಗೂ ಒಂದು ಸಾಲು. ಅದರಲ್ಲಿ ತಾರೀಖು, ಯಾರ ರಜೆ (ಕಾರ್ಖಾನೆ, ಹುಬ್ಬಳ್ಳಿ ಬ್ಯಾಂಕ್, ಕೊಲ್ಲಾಪುರ, ಕೊಯಮತ್ತೂರು), ಹಬ್ಬದ ಹೆಸರು, 'ಖಚಿತ' ಅಥವಾ 'ತಾತ್ಕಾಲಿಕ' ಎಂಬ ನಾಲ್ಕು ಅಂಕಣಗಳು. ಬ್ಯಾಂಕ್ ರಜೆಗಳ ತಾರೀಖುಗಳಿಗೆ, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳನ್ನೂ ಸೇರಿಸಿ, `H` ಎಂಬ ಹೆಸರು ಕೊಟ್ಟು, ನಿಗದಿತ ದಿನವನ್ನು `A2`ದಲ್ಲಿ ಬರೆದರೆ, `B2`, `C2` ಮತ್ತು `D2`ಗಳಲ್ಲಿ ಕ್ರಮವಾಗಿ ಈ ಸೂತ್ರಗಳನ್ನು ಹಾಕಬಹುದು:

```
=WORKDAY.INTL(A2-1,1,11,H)
=WORKDAY.INTL(A2+1,-1,11,H)
=IF(MONTH(B2)=MONTH(A2),B2,C2)
```

ಮೊದಲನೆಯದು ಮುಂದಿನ ಕೆಲಸದ ದಿನವನ್ನು, ಎರಡನೆಯದು ಹಿಂದಿನದನ್ನು, ಮೂರನೆಯದು ತಿಂಗಳು ದಾಟದ ದಿನವನ್ನು ಕೊಡುತ್ತದೆ. ನಿಗದಿತ ದಿನವೇ ಕೆಲಸದ ದಿನವಾಗಿದ್ದರೆ ಮೂರೂ ಅದನ್ನೇ ತೋರಿಸುತ್ತವೆ. `11` ಎಂಬುದರ ಅರ್ಥ ವಾರದ ರಜೆ ಭಾನುವಾರ ಮಾತ್ರ ಎಂದು. ಸಾಮಾನ್ಯವಾಗಿ ಬಳಸುವ `WORKDAY` ಸೂತ್ರವು ಎಲ್ಲ ಶನಿವಾರಗಳನ್ನೂ ರಜೆಯೆಂದು ಎಣಿಸುವುದರಿಂದ ನಮ್ಮ ಕಾರ್ಖಾನೆಗಳಿಗೆ ಒಗ್ಗದು. `A2`ದಲ್ಲಿ 31-10-2024 ಎಂದು ಹಾಕಿ ನೋಡಿ: ಕ್ರಮವಾಗಿ ನವೆಂಬರ್ 4, ಅಕ್ಟೋಬರ್ 30, ಅಕ್ಟೋಬರ್ 30 ಎಂದು ಬಂದರೆ ಪಟ್ಟಿ ಸರಿಯಿದೆ.

'ತಾತ್ಕಾಲಿಕ' ಎಂಬ ಗುರುತು ಏಕೆ ಬೇಕೆಂದರೆ, ಚಂದ್ರದರ್ಶನವನ್ನು ಅವಲಂಬಿಸಿದ ಹಬ್ಬಗಳ ದಿನ ಕೊನೆಗಳಿಗೆಯಲ್ಲಿ ಬದಲಾಗಬಹುದು. 2023ರಲ್ಲಿ ಮಹಾರಾಷ್ಟ್ರವು ಬಕ್ರೀದ್ ರಜೆಯನ್ನು ಜೂನ್ 28ರಿಂದ 29ಕ್ಕೆ ಬದಲಿಸಿತು. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡವರ ಯಂತ್ರವು ಬುಧವಾರ ಕೆಲಸ ಬಿಟ್ಟು, ರಜೆಯಿದ್ದ ಗುರುವಾರ ಕೆಲಸ ಮಾಡಿರಬೇಕು. ತಾತ್ಕಾಲಿಕ ಗುರುತಿರುವ ಪ್ರತಿ ರಜೆಗೆ ಮೂರು ದಿನ ಮುಂಚೆ ಒಬ್ಬರು ಅದನ್ನು ನೋಡಿ ಖಚಿತಪಡಿಸುವಂತೆ ಹೆಸರು ಹಿಡಿದು ಹೊಣೆ ವಹಿಸಬೇಕು.

ಪಟ್ಟಿಯು ವರ್ಷಾಂತ್ಯಕ್ಕೆ ಮುಗಿದುಹೋಗುವುದು ಇನ್ನೊಂದು ಅಪಾಯ. ಹೊಸ ವರ್ಷದ ರಜೆಗಳನ್ನು ತುಂಬದಿದ್ದರೆ ಜನವರಿ 1ರಿಂದ ಯಂತ್ರವು ಭಾನುವಾರ ಬಿಟ್ಟು ಎಲ್ಲವನ್ನೂ ಕೆಲಸದ ದಿನವೆನ್ನುತ್ತದೆ. ಮೊದಲ ಪೆಟ್ಟು ಬೀಳುವುದು ಸಂಕ್ರಾಂತಿಗೆ. ಪಟ್ಟಿಯ ಕೊನೆಯ ತಾರೀಖಿಗೆ 60 ದಿನಗಳಿಗಿಂತ ಕಡಿಮೆ ಉಳಿದಾಗ ಎಚ್ಚರಿಕೆ ಬರುವಂತೆ ಮಾಡಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಬಿಟ್ಟ ಕಾರ್ಯವೂ ದಾಖಲೆಯಾಗಬೇಕು. "31-10-2024, ಇಂಡೆಂಟ್ ಹೋಗಲಿಲ್ಲ, ಕಾರಣ ನರಕ ಚತುರ್ದಶಿ, ಮುಂದಿನ ಸಲ 4-11-2024" ಎಂಬ ಒಂದು ಸಾಲು ಸಾಕು. ಆ ಸಾಲು ಇಲ್ಲದಿದ್ದರೆ ರಜೆಗಾಗಿ ಬಿಟ್ಟದ್ದಕ್ಕೂ ಯಂತ್ರ ಕೆಟ್ಟು ನಿಂತದ್ದಕ್ಕೂ ವ್ಯತ್ಯಾಸ ತಿಳಿಯದು. ರಜೆ ಮುಗಿದು ಕಚೇರಿ ತೆರೆದ ದಿನ ಲೆಕ್ಕಿಗರು ಮೊದಲು ಓದಬೇಕಾದುದು ಈ ಸಾಲುಗಳನ್ನು. ನಂತರ ಅಂದಿನ ಇಂಡೆಂಟನ್ನು.